ಐದು ದಿನದ ಜ್ವರ, ಹತ್ತು ದಿನದ ರಜೆ ಖರ್ಚು

ತಾಲ್ಲೂಕು ಕಚೇರಿಯೊಂದರ ದ್ವಿತೀಯ ದರ್ಜೆ ಸಹಾಯಕಿಯೊಬ್ಬರಿಗೆ ಭಾನುವಾರ ರಾತ್ರಿ ಚಳಿ ಹತ್ತಿ, ಬೆಳಗಾಗುವಷ್ಟರಲ್ಲಿ ಮೈ ಕಾದ ಹಂಚಿನಂತಾಯಿತು ಎಂದುಕೊಳ್ಳೋಣ. ಅಂದು 2025ರ ಜುಲೈ 7, ಸೋಮವಾರ. ಡಾಕ್ಟರು ನೋಡಿ ಫ್ಲೂ ಎಂದರು, ಐದು ದಿನ ವಿಶ್ರಾಂತಿ ಬರೆದರು. ಮೇಲಧಿಕಾರಿಗೆ ಫೋನು ಮಾಡಿ ತಿಳಿಸಿದ್ದೂ ಆಯಿತು. ಆದರೆ ಫೋನು ಕಡತಕ್ಕೆ ಸೇರುವುದಿಲ್ಲ, ಅರ್ಜಿ ಬೇಕು.

ಆ ಅರ್ಜಿ ಐದಾರು ಸಾಲಿನದು:

“ಮಾನ್ಯರೇ, ನಾನು ಫ್ಲೂ ಜ್ವರದಿಂದ ಬಳಲುತ್ತಿದ್ದು, ವೈದ್ಯರು ಐದು ದಿನಗಳ ವಿಶ್ರಾಂತಿ ಸೂಚಿಸಿರುತ್ತಾರೆ. ಆದ್ದರಿಂದ ದಿನಾಂಕ 07-07-2025ರಿಂದ 11-07-2025ರವರೆಗೆ ಒಟ್ಟು 5 ದಿನಗಳ ಪರಿವರ್ತಿತ ರಜೆಯನ್ನು ಮಂಜೂರು ಮಾಡಿ, ದಿನಾಂಕ 12 ಮತ್ತು 13ರ ಸಾರ್ವತ್ರಿಕ ರಜೆಗಳನ್ನು ಬಳಸಿಕೊಳ್ಳಲು ಅನುಮತಿ ನೀಡಬೇಕೆಂದು ಕೋರುತ್ತೇನೆ. ದಿನಾಂಕ 14-07-2025ರ ಪೂರ್ವಾಹ್ನ ಕರ್ತವ್ಯಕ್ಕೆ ಹಾಜರಾಗುತ್ತೇನೆ. ಅಡಕ: ವೈದ್ಯಕೀಯ ಪ್ರಮಾಣಪತ್ರ.”

ಜ್ವರದ ವರ್ಣನೆ ಇಲ್ಲಿ ಅರ್ಧ ಸಾಲು ಮಾತ್ರ. ತಲೆನೋವು, ವಾಂತಿ, ಮನೆಯಲ್ಲಿ ನೋಡಿಕೊಳ್ಳುವವರಿಲ್ಲ ಎಂಬುದನ್ನೆಲ್ಲ ಬರೆಯುವವರುಂಟು. ಓದುವ ವಿಷಯ ನಿರ್ವಾಹಕರಿಗೆ ಅದರಿಂದ ಉಪಯೋಗವಿಲ್ಲ. ಅವರು ಹುಡುಕುವುದು ಯಾವ ರಜೆ, ಎಂದಿನಿಂದ ಎಂದಿನವರೆಗೆ, ಹಾಜರಾಗುವುದು ಎಂದು ಎಂಬುದಷ್ಟನ್ನೇ. 12 ಎರಡನೇ ಶನಿವಾರ, 13 ಭಾನುವಾರ. ರಜೆ ಮುಗಿಯುವ ದಿನ ಮತ್ತು ಹಾಜರಾಗುವ ದಿನ ಎರಡನ್ನೂ ಬೇರೆಬೇರೆಯಾಗಿ ಬರೆಯದಿದ್ದರೆ ನಡುವಿನ ಆ ಎರಡು ದಿನ ಯಾವ ಲೆಕ್ಕಕ್ಕೆ ಎಂಬ ತಕರಾರು ಅಲ್ಲೇ ಹುಟ್ಟುತ್ತದೆ.

ಯಾವ ರಜೆ ಎಂಬುದೂ ಸಣ್ಣ ಸಂಗತಿಯಲ್ಲ. ರಾಜ್ಯ ಸರ್ಕಾರಿ ನೌಕರರಿಗೆ ವರ್ಷಕ್ಕೆ 20 ದಿನ ಅರ್ಧ ವೇತನ ರಜೆ, ಜನವರಿ 1 ಮತ್ತು ಜುಲೈ 1ರಂದು ಹತ್ತು ಹತ್ತರಂತೆ ಜಮೆಯಾಗುತ್ತದೆ. ವೈದ್ಯಕೀಯ ಪ್ರಮಾಣಪತ್ರ ಕೊಟ್ಟು ಅದನ್ನು ಪೂರ್ಣ ವೇತನದ ರಜೆಯಾಗಿ ಮಾಡಿಕೊಂಡರೆ ಪರಿವರ್ತಿತ ರಜೆ. ಆಗ ಪಡೆದ ದಿನಗಳ ಎರಡರಷ್ಟು ಖರ್ಚು ಬೀಳುತ್ತದೆ. ಐದು ದಿನ ಮಲಗಿದ್ದಕ್ಕೆ ಸೇವಾ ಪುಸ್ತಕದ ರಜೆ ಲೆಕ್ಕದಲ್ಲಿ ಹತ್ತು ದಿನ ಕಳೆಯಿತು. ಜುಲೈ 1ರಂದು ಜಮೆಯಾದದ್ದು ಒಂದೇ ಫ್ಲೂಗೆ ಮುಗಿಯಿತು ಎನ್ನಿ! ಆದರೂ ಬಹಳ ಮಂದಿ ಇದನ್ನೇ ಆರಿಸುತ್ತಾರೆ, ಗಳಿಕೆ ರಜೆಯನ್ನು ಮುಟ್ಟಲು ಮನಸ್ಸು ಮಾಡುವುದಿಲ್ಲ. ಉಳಿಸಿಕೊಂಡ ಗಳಿಕೆ ರಜೆ ನಿವೃತ್ತಿಯಲ್ಲಿ ನಗದಾಗುತ್ತದಲ್ಲ. ಸಾಂದರ್ಭಿಕ ರಜೆಯೋ, 2019ರಲ್ಲಿ ಹದಿನೈದರಿಂದ ಹತ್ತಕ್ಕೆ ಇಳಿಯಿತು. ಅದರಲ್ಲಿ ಐದನ್ನು ಜ್ವರಕ್ಕೇ ಕೊಟ್ಟರೆ ಮದುವೆ, ಹಬ್ಬಕ್ಕೆ ಉಳಿಯುವುದೆಷ್ಟು?

ಇನ್ನು ಅಡಕದ ಕಾಗದ. ವೈದ್ಯರ ವೃತ್ತಿ ನಡವಳಿಕೆಯ 2002ರ ನಿಯಮಾವಳಿಯಲ್ಲಿ ರಜೆ ಪ್ರಮಾಣಪತ್ರಕ್ಕೆ ಒಂದು ನಮೂನೆಯೇ ಇದೆ. ಮೇಲ್ಭಾಗದಲ್ಲಿ ರೋಗಿಯ ಸಹಿ ಅಥವಾ ಹೆಬ್ಬೆಟ್ಟು, ಅದೂ ಡಾಕ್ಟರ ಎದುರಿಗೇ. ಗುರುತಿನ ಚಿಹ್ನೆಗಳಿಗೆ ಜಾಗ: ಬಲಗೈ ಮೇಲೆ ಮಚ್ಚೆ, ಹಣೆಯಲ್ಲಿ ಗಾಯದ ಕಲೆ. ಆಮೇಲೆ ಕಾಯಿಲೆಯ ಹೆಸರು, ಎಂದಿನಿಂದ ಎಷ್ಟು ದಿನ ಕರ್ತವ್ಯದಿಂದ ದೂರ ಇರಬೇಕು ಎಂಬುದು, ಕೆಳಗೆ ಡಾಕ್ಟರ ಸಹಿ. ನೋಂದಣಿ ಸಂಖ್ಯೆಯೂ ಇರಬೇಕು. ಕೊಟ್ಟ ಪ್ರಮಾಣಪತ್ರಗಳ ವಿವರವನ್ನು ಡಾಕ್ಟರು ರಿಜಿಸ್ಟರಿನಲ್ಲಿ ಬರೆದಿಡಬೇಕು. ಕಚೇರಿಗೆ ಅನುಮಾನ ಬಂದರೆ ತಾಳೆ ನೋಡಲು ದಾರಿ ಅದೇ.

ಎಡವಟ್ಟಾಗುವುದು ಹೆಚ್ಚಾಗಿ ತಾರೀಖಿನಲ್ಲಿ. ಮೂರು ದಿನ ಕಷಾಯ ಕುಡಿದು ಮನೆಯಲ್ಲೇ ಮಲಗಿ, ಗುರುವಾರ ಆಸ್ಪತ್ರೆಗೆ ಹೋಗಿ, “ಸಾರ್, ಸೋಮವಾರದಿಂದ ಬರೆದುಕೊಡಿ” ಎನ್ನುವವರಿದ್ದಾರೆ. ತಾವು ನೋಡದ ದಿನಗಳಿಗೆ ಡಾಕ್ಟರು ಸಹಿ ಹಾಕುವುದು ಹೇಗೆ? ಹಾಕಿದರೂ, ಗುರುವಾರದ ತಾರೀಖಿನ ಕಾಗದ ಸೋಮವಾರದ ಜ್ವರವನ್ನು ಸಾಕ್ಷೀಕರಿಸುವುದು ವಿಷಯ ನಿರ್ವಾಹಕರ ಕಣ್ಣಿಗೆ ಬಿದ್ದೇ ಬೀಳುತ್ತದೆ. ಮೊದಲ ದಿನವೇ ತೋರಿಸಿಕೊಳ್ಳುವುದು ಲೇಸು.

ಐದು ದಿನ ಎಂಬ ಲೆಕ್ಕಕ್ಕೆ ಕಾಯಿಲೆಯಲ್ಲೇ ಕಾರಣವಿದೆ. ಫ್ಲೂ ಜ್ವರ ಸಾಮಾನ್ಯವಾಗಿ ಮೂರು ನಾಲ್ಕು ದಿನ ಕಾಡುತ್ತದೆ. ಸೋಂಕು ಬೇರೆಯವರಿಗೆ ಹೆಚ್ಚು ಹರಡುವುದೂ ಆ ದಿನಗಳಲ್ಲೇ. ಪ್ಯಾರಾಸಿಟಮಾಲ್ ನುಂಗದೆಯೂ 24 ಗಂಟೆ ಜ್ವರ ಬಾರದಿದ್ದರೆ, ಉಳಿದ ಲಕ್ಷಣಗಳೂ ಇಳಿಮುಖವಾಗಿದ್ದರೆ ಜನರ ನಡುವೆ ಹೋಗಬಹುದೆಂಬುದು ಅಮೆರಿಕದ ಸಿಡಿಸಿಯ ಸಲಹೆ. ಕೆಮ್ಮು, ಸುಸ್ತು ಎರಡು ವಾರ ಉಳಿಯಬಹುದು. ಅದಕ್ಕಾಗಿ ರಜೆ ಎಳೆಯಬೇಕಿಲ್ಲ. ಆದರೆ ಶುಕ್ರವಾರವೂ ಜ್ವರ ಇಳಿಯದೆ ಉಸಿರು ಕಟ್ಟುವಂತಾದರೆ ಮತ್ತೆ ಡಾಕ್ಟರ ಬಳಿ ಓಡಬೇಕು. ರಜೆ ಮುಂದುವರಿಸುವ ಅರ್ಜಿಯೂ ಹೊಸ ಪ್ರಮಾಣಪತ್ರದ ಜೊತೆ, ಕೊಟ್ಟ ಅವಧಿ ಮುಗಿಯುವ ಮೊದಲೇ ಹೋಗಬೇಕು. ಇಲ್ಲದಿದ್ದರೆ ಅದು ಅನಧಿಕೃತ ಗೈರುಹಾಜರಿ.

14ರ ಬೆಳಿಗ್ಗೆ ಆ ಸಹಾಯಕಿ ಬರಿಗೈಲಿ ಬಂದು ಹಾಜರಿ ಪುಸ್ತಕಕ್ಕೆ ಸಹಿ ಹಾಕುವಂತಿಲ್ಲ. ವೈದ್ಯಕೀಯ ಕಾರಣದ ರಜೆಯಾದ್ದರಿಂದ ದೇಹದಾರ್ಢ್ಯ ಪ್ರಮಾಣಪತ್ರ, ಅಂದರೆ ಫಿಟ್‌ನೆಸ್ ಸರ್ಟಿಫಿಕೇಟ್, ಜೊತೆಗೆ ಕರ್ತವ್ಯಕ್ಕೆ ಹಾಜರಾದ ವರದಿ ಕೊಡಬೇಕು. ಡಾಕ್ಟರ ಆ 2002ರ ನಮೂನೆಯಲ್ಲೇ ಇದಕ್ಕೂ ಒಕ್ಕಣೆ ಇದೆ.

ಖಾಸಗಿ ಕಚೇರಿಯವರ ದಾರಿ ಬೇರೆ. ಕರ್ನಾಟಕದ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ 1961ರ ಕಾಯ್ದೆಯಂತೆ ಕಾಯಿಲೆ ಮುಂತಾದ ಕಾರಣಗಳಿಗೆ ವರ್ಷಕ್ಕೆ 12 ದಿನಗಳವರೆಗೆ ವೇತನಸಹಿತ ರಜೆ ಇದೆ. ಇಎಸ್‌ಐ ವ್ಯಾಪ್ತಿಗೆ ಬರುವವರು ನಗದು ಪರಿಹಾರ ಬೇಕೆಂದರೆ ಇಎಸ್‌ಐ ವೈದ್ಯರಿಂದಲೇ ಪ್ರಮಾಣಪತ್ರ ಪಡೆಯಬೇಕು. ಅಲ್ಲಿ ಸಿಗುವುದು ಕೂಲಿಯ ಶೇ. 70, ಅದೂ ಸಾಮಾನ್ಯವಾಗಿ ಮೊದಲೆರಡು ದಿನ ಬಿಟ್ಟು.