ಹುಣಸೆ ಕೋಲ್ಡ್ ಸ್ಟೋರೇಜಿನ ಗೋಡೆ: ಶಾಖವನ್ನು ತಡೆಯುವುದು ಯಾವ ಪದರ?

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಸೀಮೆಯಲ್ಲಿ ಶಿವರಾತ್ರಿಯ ಆಸುಪಾಸಿಗೆ ಹುಣಸೆ ಉದುರಿಸುವ ಕೆಲಸ ಶುರುವಾಗುತ್ತದೆ. ಸಿಪ್ಪೆ ಸುಲಿದು, ಬೀಜ ಕುಟ್ಟಿ ತೆಗೆದ ಹಣ್ಣು ತುಮಕೂರಿನ ಮಾರುಕಟ್ಟೆಗೆ ಹೋಗುತ್ತದೆ. ಹೊಸ ಹಣ್ಣಿಗೆ ಕೆಂಪು ಬಣ್ಣವಿರುತ್ತದೆ. ಬೇಸಿಗೆಯ ಸೆಕೆ, ಆಮೇಲೆ ಮಳೆಗಾಲದ ತೇವ ಎರಡೂ ತಾಗಿದರೆ ಅದು ಕಪ್ಪಾಗುತ್ತದೆ, ಬೆಲೆಯೂ ಇಳಿಯುತ್ತದೆ. ಹಾಗಾಗಿ ಬೆಲೆ ಬರುವವರೆಗೆ ಹಣ್ಣನ್ನು ಕೋಲ್ಡ್ ಸ್ಟೋರೇಜಿನಲ್ಲಿ ಇಡುವ ರೂಢಿ ಬೆಳೆದಿದೆ. ಆ ಕೋಣೆಯನ್ನು ತಂಪಾಗಿಡಲು ಕಂಪ್ರೆಸರ್ ದುಡಿಯಬೇಕು. ಎಷ್ಟು ದುಡಿಯಬೇಕೆಂಬುದು ಬಹುಮಟ್ಟಿಗೆ ಗೋಡೆಯ ಮೂಲಕ ಎಷ್ಟು ಶಾಖ ಒಳಗೆ ಬರುತ್ತದೆ ಎಂಬುದನ್ನು ಅವಲಂಬಿಸಿದೆ.

ಇಂಜಿನಿಯರಿಂಗ್ ಮತ್ತು ಡಿಪ್ಲೊಮಾ ಪಠ್ಯದಲ್ಲಿ ಸಂಯುಕ್ತ ಗೋಡೆಯ ಲೆಕ್ಕ ಎಂದು ಬರುವುದು ಇದೇ. ಪುಸ್ತಕದಲ್ಲಿ ಕುಲುಮೆಯ ಗೋಡೆ ಕೊಟ್ಟಿರುತ್ತಾರೆ. ನಾವು ನಮ್ಮ ಕಡೆಯ ಒಂದು ಗೋಡೆಯನ್ನೇ ಕಲ್ಪಿಸಿಕೊಂಡು ಲೆಕ್ಕ ಮಾಡೋಣ.

ಮಧುಗಿರಿ ಸುತ್ತಮುತ್ತ ಗ್ರಾನೈಟಿಗೆ ಬರವಿಲ್ಲ, ಸೈಜುಗಲ್ಲಿನ ಗೋಡೆ ಸಾಮಾನ್ಯ. ಹೊರಗಿನಿಂದ ಒಳಕ್ಕೆ ನಮ್ಮ ಗೋಡೆ ಹೀಗಿದೆ ಎನ್ನೋಣ: 18 ಮಿಲಿಮೀಟರ್ ಸಿಮೆಂಟ್ ಗಾರೆ, 300 ಮಿಮೀ ಸೈಜುಗಲ್ಲು, 100 ಮಿಮೀ ಥರ್ಮೋಕೋಲ್, ಅದರ ಮೇಲೆ ಕೋಳಿಬಲೆ ಹೊಡೆದು ಮತ್ತೆ 18 ಮಿಮೀ ಗಾರೆ. ಹೊರಗೆ ಏಪ್ರಿಲ್ ಮಧ್ಯಾಹ್ನದ 38 ಡಿಗ್ರಿ ಸೆಲ್ಸಿಯಸ್, ಒಳಗೆ 5 ಡಿಗ್ರಿ.

ಶಾಖ ಈ ಪದರಗಳನ್ನು ಒಂದಾದ ಮೇಲೊಂದರಂತೆ ದಾಟಬೇಕು. ಮೊದಲ ಪದರಕ್ಕೆ ಬಂದಷ್ಟೇ ಶಾಖ ಎರಡನೆಯದಕ್ಕೂ ಹೋಗುತ್ತದೆ, ನಡುವೆ ಎಲ್ಲೂ ಉಳಿಯುವುದಿಲ್ಲ. ಇದು ಸ್ಥಿರ ಸ್ಥಿತಿಯ ಷರತ್ತು. ಸರಣಿಯಲ್ಲಿ ಜೋಡಿಸಿದ ತಂತಿಗಳ ಮೂಲಕ ಹರಿಯುವ ವಿದ್ಯುತ್ತಿಗೂ ಇದೇ ನಿಯಮ. ಫೂರಿಯೆ ಶಾಖದ ಬಗ್ಗೆ ಬರೆದ ಗ್ರಂಥ 1822ರಲ್ಲಿ ಬಂತು. ಓಮ್ ತನ್ನ ವಿದ್ಯುತ್ ನಿಯಮವನ್ನು 1827ರಲ್ಲಿ ಪ್ರಕಟಿಸಿದಾಗ ಫೂರಿಯೆಯ ಆ ಗಣಿತವೇ ಅವನಿಗೆ ಮಾದರಿಯಾಗಿತ್ತು. ಇಂದು ನಾವು ಉಲ್ಟಾ ದಿಕ್ಕಿನಲ್ಲಿ ಸಾಲ ಪಡೆದು, ಶಾಖಕ್ಕೂ ಓಮ್‌ನ ನಿಯಮವನ್ನೇ ಬರೆಯುತ್ತೇವೆ. ತಾಪಮಾನದ ವ್ಯತ್ಯಾಸ ವೋಲ್ಟೇಜಿನ ಜಾಗದಲ್ಲಿ, ಶಾಖದ ಹರಿವು ಕರೆಂಟಿನ ಜಾಗದಲ್ಲಿ ನಿಲ್ಲುತ್ತದೆ. ಪ್ರತಿ ಪದರದ ಉಷ್ಣ ನಿರೋಧ ಇಷ್ಟು:

R = L / (k A)

L ಎಂದರೆ ಮೀಟರಿನಲ್ಲಿ ದಪ್ಪ, A ವಿಸ್ತೀರ್ಣ, k ಆ ವಸ್ತುವಿನ ಉಷ್ಣವಾಹಕತೆ. k ಬೆಲೆ ಪರೀಕ್ಷೆಯಲ್ಲಿ ಕೊಡುವ ಡೇಟಾ ಹ್ಯಾಂಡ್‌ಬುಕ್ಕಿನಲ್ಲಿ ಸಿಗುತ್ತದೆ. ಗ್ರಾನೈಟಿಗೆ 3, ಥರ್ಮೋಕೋಲಿಗೆ 0.04, ಸಿಮೆಂಟ್ ಗಾರೆಗೆ 0.72 ಎಂದು ಇಟ್ಟುಕೊಳ್ಳೋಣ. ಗೋಡೆಗೆ ಅಂಟಿದ ಗಾಳಿಯ ತೆಳು ಪದರವೂ ಶಾಖವನ್ನು ತಡೆಯುತ್ತದೆ. ಅದರ ನಿರೋಧ 1/(hA). ಹೊರಗೆ ಗಾಳಿ ಬೀಸುವುದರಿಂದ h 20, ಒಳಗೆ 8 ಇರಲಿ. ಮೊದಲು ಒಂದು ಚದರ ಮೀಟರಿಗೆ ಮಾತ್ರ ಲೆಕ್ಕ ಹಾಕಿದರೆ ಅಂಕಿಗಳು ಕಣ್ಣಿಗೆ ಸ್ಪಷ್ಟವಾಗಿ ಕಾಣುತ್ತವೆ.

ಹೊರಗಾಳಿ 1/20, ಅಂದರೆ 0.05. ಹೊರಗಾರೆ 0.018/0.72, ಅಂದರೆ 0.025. ಕಲ್ಲು 0.3/3, ಅಂದರೆ 0.1. ಥರ್ಮೋಕೋಲ್ 0.1/0.04, ಅಂದರೆ 2.5. ಒಳಗಾರೆ ಮತ್ತೆ 0.025. ಒಳಗಾಳಿ 1/8, ಅಂದರೆ 0.125. ಎಲ್ಲ ಕೂಡಿದರೆ:

R = 0.05 + 0.025 + 0.1 + 2.5 + 0.025 + 0.125 = 2.825
q = (38 − 5) / 2.825 = 11.68

ಚದರ ಮೀಟರಿಗೆ 11.68 ವ್ಯಾಟ್. ಗೋಡೆ 10 ಮೀಟರ್ ಉದ್ದ, 4 ಮೀಟರ್ ಎತ್ತರ ಇದ್ದರೆ 40 ಚದರ ಮೀಟರಿಗೆ ಸುಮಾರು 467 ವ್ಯಾಟ್.

ಉತ್ತರ ಬಂತೆಂದು ಪುಟ ತಿರುವಬೇಡಿ. ಕೂಡಿದ ಆ ಸಾಲನ್ನು ಇನ್ನೊಮ್ಮೆ ನೋಡಿ. 2.825ರಲ್ಲಿ 2.5 ಥರ್ಮೋಕೋಲಿನದೇ. ಸುಮಾರು ಒಂದಡಿ ದಪ್ಪದ ಕಲ್ಲಿನ ಪಾಲು 0.1, ಒಳಗಡೆ ಕಣ್ಣಿಗೆ ಕಾಣದ ಗಾಳಿಪದರದ ಪಾಲು 0.125. ಮುನ್ನೂರು ಮಿಲಿಮೀಟರ್ ಗ್ರಾನೈಟಿಗಿಂತ ನಿಂತ ಗಾಳಿಯೇ ಶಾಖವನ್ನು ಹೆಚ್ಚು ತಡೆಯುತ್ತಿದೆ. ದಪ್ಪ ಕಲ್ಲುಗೋಡೆ ಕಟ್ಟಿದರೆ ತಂಪು ಉಳಿಯುತ್ತದೆ ಎಂದು ನಂಬಿ ಕಲ್ಲನ್ನು 600 ಮಿಮೀ ಮಾಡಿದಿರಿ ಎನ್ನಿ. ಒಟ್ಟು ನಿರೋಧ 2.925 ಆಗುತ್ತದೆ, ಶಾಖ ಇಳಿಯುವುದು ನೂರಕ್ಕೆ ಮೂರೂವರೆಯಷ್ಟು ಮಾತ್ರ. ಅದರ ಬದಲು 25 ಮಿಮೀ ಥರ್ಮೋಕೋಲ್ ಸೇರಿಸಿದರೆ ನೂರಕ್ಕೆ ಹದಿನೆಂಟು ಇಳಿಯುತ್ತದೆ. 100 ಮಿಮೀ ಥರ್ಮೋಕೋಲಿನ ಕೆಲಸವನ್ನು ಕಲ್ಲೊಂದರಿಂದಲೇ ಮಾಡಿಸಬೇಕಾದರೆ ಏಳೂವರೆ ಮೀಟರ್ ದಪ್ಪದ ಗೋಡೆ ಬೇಕು. ಥರ್ಮೋಕೋಲ್ ಇಲ್ಲದೇ ಹೋದರೆ ಒಟ್ಟು ನಿರೋಧ 0.325ಕ್ಕೆ ಕುಸಿದು, ಅದೇ ಗೋಡೆಯಿಂದ ನಾಲ್ಕು ಸಾವಿರಕ್ಕೂ ಹೆಚ್ಚು ವ್ಯಾಟ್ ಒಳಗೆ ಬರುತ್ತದೆ. ನಿರೋಧಗಳನ್ನು ಬಿಡಿಬಿಡಿಯಾಗಿ ಬರೆಯುವ ಪದ್ಧತಿಯ ನಿಜವಾದ ಪ್ರಯೋಜನ ಇದು. ಯಾವ ಪದರಕ್ಕೆ ದುಡ್ಡು ಹಾಕಬೇಕೆಂದು ಅದು ನೇರವಾಗಿ ಹೇಳುತ್ತದೆ.

ಪರೀಕ್ಷೆಯಲ್ಲಿ ಮುಂದಿನ ಪ್ರಶ್ನೆ ಪದರಗಳ ನಡುವಿನ ತಾಪಮಾನ. ಪ್ರತಿ ಪದರದಲ್ಲೂ ಇಳಿಯುವ ಡಿಗ್ರಿ, q ಮತ್ತು ಆ ಪದರದ R ಇವುಗಳ ಗುಣಲಬ್ಧ. 38ರಿಂದ ಹೊರಟರೆ ಹೊರಗಾರೆಯ ಮೈ 37.4, ಗಾರೆ ಮತ್ತು ಕಲ್ಲಿನ ಸಂದು 37.1, ಕಲ್ಲು ಮತ್ತು ಥರ್ಮೋಕೋಲಿನ ಸಂದು 36.0. ಥರ್ಮೋಕೋಲಿನಲ್ಲಿ ಒಮ್ಮೆಲೇ 29.2 ಡಿಗ್ರಿ ಇಳಿದು 6.8ಕ್ಕೆ ಬರುತ್ತದೆ. ಒಳಗಾರೆಯ ಮೈ 6.5, ಕೊನೆಗೆ ಕೋಣೆಯ ಗಾಳಿ 5. ಕೊನೆಯ ಅಂಕಿ 5ಕ್ಕೆ ಸರಿಯಾಗಿ ಬಂದು ನಿಂತರೆ ಲೆಕ್ಕ ಸರಿ. ಬರದಿದ್ದರೆ ಎಲ್ಲೋ ಮಿಲಿಮೀಟರನ್ನು ಮೀಟರಿಗೆ ತಿರುಗಿಸುವುದು ಮರೆತಿದೆ, ಇಲ್ಲವೇ ಒಂದು ಗಾಳಿಪದರ ಬಿಟ್ಟುಹೋಗಿದೆ.

ಕೋಲ್ಡ್ ಸ್ಟೋರೇಜ್ ಕಟ್ಟುವವರಿಗೆ ಈ ತಾಪಮಾನಗಳು ಅಂಕಕ್ಕಾಗಿ ಬರೆಯುವ ಅಂಕಿಗಳಲ್ಲ. 38 ಡಿಗ್ರಿಯಲ್ಲಿ ಶೇಕಡಾ 30 ತೇವಾಂಶವಿರುವ ಗಾಳಿ ಸುಮಾರು 17 ಡಿಗ್ರಿಗೆ ತಣಿದರೆ ಅದರ ಆವಿ ನೀರಾಗುತ್ತದೆ. ನಮ್ಮ ಗೋಡೆಯಲ್ಲಿ 17 ಡಿಗ್ರಿ ಎಲ್ಲಿದೆ? ಥರ್ಮೋಕೋಲಿನಲ್ಲಿ ಮಿಲಿಮೀಟರಿಗೆ 0.292 ಡಿಗ್ರಿ ಇಳಿಯುತ್ತದೆ. 36ರಿಂದ 17ಕ್ಕೆ ಇಳಿಯಲು 65 ಮಿಲಿಮೀಟರ್ ಸಾಕು. ಅಂದರೆ ಹೊರಗಿನ ಆವಿ ಕಲ್ಲಿನ ಸಂದುಗಳಿಂದ ನುಸುಳಿ ಬಂದರೆ, ಥರ್ಮೋಕೋಲಿನ ಒಳಗಿನ ಮೂರನೇ ಒಂದು ಭಾಗದಲ್ಲಿ ನೀರು ಕಟ್ಟುತ್ತದೆ. ಮಳೆಗಾಲದಲ್ಲಿ ತೇವ ಹೆಚ್ಚಾಗಿ, ಈ ಜಾಗ ಇನ್ನೂ ಹೊರಕ್ಕೆ ಸರಿಯುತ್ತದೆ.

ಆದ್ದರಿಂದ ಆವಿ ತಡೆಯುವ ಬಿಟುಮೆನ್ ಅಥವಾ ಪಾಲಿಥೀನ್ ಪದರ ಬಿಸಿ ಬದಿಯಲ್ಲಿ, ಅಂದರೆ ಕಲ್ಲು ಮತ್ತು ಥರ್ಮೋಕೋಲಿನ ನಡುವೆ ಇರಬೇಕು. ಒಳಬದಿಯಲ್ಲಿ ಹಾಕಿದರೆ ಆವಿ ಒಳಗೆ ಬಂದು ಅಲ್ಲೇ ಸಿಕ್ಕಿಬೀಳುತ್ತದೆ. ಥರ್ಮೋಕೋಲ್ ಶಾಖ ತಡೆಯುವುದು ತನ್ನ ಪುಟ್ಟ ಕೋಶಗಳಲ್ಲಿ ಹಿಡಿದಿಟ್ಟ ಗಾಳಿಯಿಂದ. ನೀರು ಗಾಳಿಗಿಂತ ಇಪ್ಪತ್ತು ಪಟ್ಟಿಗೂ ಹೆಚ್ಚು ಚೆನ್ನಾಗಿ ಶಾಖ ಒಯ್ಯುತ್ತದೆ. ನೆನೆದು k 0.08 ಆಯಿತೆಂದರೆ ಥರ್ಮೋಕೋಲಿನ ನಿರೋಧ 1.25ಕ್ಕೆ ಇಳಿಯುತ್ತದೆ, ಒಳಬರುವ ಶಾಖ 21 ವ್ಯಾಟಿಗೆ ಏರುತ್ತದೆ. ಗೋಡೆ ನೋಡಲು ಹಾಗೆಯೇ ಇರುತ್ತದೆ, ಕಂಪ್ರೆಸರ್ ಮಾತ್ರ ನಿಲ್ಲದೆ ಓಡುತ್ತದೆ. ಅದೇ ಸರಕು, ಅದೇ ಹವೆ ಇದ್ದೂ ಕರೆಂಟು ಬಿಲ್ಲು ವರ್ಷದಿಂದ ವರ್ಷಕ್ಕೆ ಏರುತ್ತಿದ್ದರೆ, ಒಳಗಾರೆ ಅಲ್ಲಲ್ಲಿ ಉಬ್ಬಿದ್ದರೆ, ಬೂಷ್ಟು ಹಿಡಿದಿದ್ದರೆ ಮೊದಲು ಈ ಪದರವನ್ನು ಅನುಮಾನಿಸಬೇಕು.

ಇನ್ನೊಂದು ಸೋರಿಕೆ ಮರದ ಪಟ್ಟಿಗಳದ್ದು. ಥರ್ಮೋಕೋಲ್ ಹಲಗೆಗಳನ್ನು ಹಿಡಿದಿಡಲು ನಡುನಡುವೆ ಮರದ ಪಟ್ಟಿ ಕೊಡುತ್ತಾರೆ. ಅವು ಗೋಡೆಯ ನೂರಕ್ಕೆ ಐದು ಭಾಗ ಆಕ್ರಮಿಸಿವೆ ಎನ್ನೋಣ. ಮರದ k 0.15. ಇಲ್ಲಿ ಶಾಖಕ್ಕೆ ಅಕ್ಕಪಕ್ಕ ಎರಡು ದಾರಿಗಳಿವೆ, ಆದ್ದರಿಂದ ಈ ಎರಡು ನಿರೋಧಗಳನ್ನು ಹಾಗೇ ಕೂಡಬಾರದು. ಸಮಾಂತರ ಜೋಡಣೆಯಲ್ಲಿ ಕೂಡುವುದು ಅವುಗಳ ವಿಲೋಮಗಳನ್ನು:

1/R = 0.95/2.5 + 0.05/0.667 = 0.455
R = 2.2

ಉಳಿದ 0.325 ಸೇರಿಸಿ ಲೆಕ್ಕ ಹಾಕಿದರೆ ಚದರ ಮೀಟರಿಗೆ 13.1 ವ್ಯಾಟ್. ಐದು ಭಾಗ ಮರ, ಹನ್ನೆರಡು ಭಾಗ ಹೆಚ್ಚು ಶಾಖ. ಇದನ್ನೇ ಬೇರೆ ರೀತಿಯಲ್ಲಿಯೂ ಮಾಡಬಹುದು. ಹೊರಗಾಳಿಯಿಂದ ಒಳಗಾಳಿಯವರೆಗೆ ಮರದ ದಾರಿಯನ್ನೂ ಥರ್ಮೋಕೋಲಿನ ದಾರಿಯನ್ನೂ ಪೂರ್ತಿ ಬೇರೆಯಾಗಿ ಲೆಕ್ಕ ಹಾಕಿ, ಕೊನೆಗೆ ಕೂಡಿದರೆ 12.8 ಬರುತ್ತದೆ. ಎರಡು ಉತ್ತರ ಕಂಡು ಗಾಬರಿಯಾಗಬೇಕಿಲ್ಲ. ಮೊದಲ ವಿಧಾನ ಕಲ್ಲಿನ ಒಳಮೈಯ ಉದ್ದಗಲಕ್ಕೂ ಒಂದೇ ತಾಪಮಾನ ಇದೆ ಎಂದು ಭಾವಿಸುತ್ತದೆ. ಎರಡನೆಯದು ಶಾಖ ಪಕ್ಕಕ್ಕೆ ಸ್ವಲ್ಪವೂ ಹರಿಯುವುದಿಲ್ಲ ಎನ್ನುತ್ತದೆ. ನಿಜವಾದ ಬೆಲೆ ಇವೆರಡರ ನಡುವೆ ಇರುತ್ತದೆ. ಉತ್ತರಪತ್ರಿಕೆಯಲ್ಲಿ ಯಾವುದನ್ನು ಭಾವಿಸಿದ್ದೀರಿ ಎಂದು ಒಂದು ಸಾಲು ಬರೆಯಿರಿ.

ಈ ವಿಧಾನಕ್ಕೆ ಒಂದು ದೊಡ್ಡ ಮಿತಿ ಇದೆ. ನಮ್ಮ ಸ್ಥಿರ ಸ್ಥಿತಿಯ ಗೋಡೆಯಲ್ಲಿ ಕಲ್ಲು ಕೆಲಸಕ್ಕೆ ಬಾರದ್ದೆಂದು ಕಂಡಿತು. ಆದರೆ ಹೊರಗಿನ ತಾಪಮಾನ ಹಗಲು ಏರಿ ರಾತ್ರಿ ಇಳಿಯುತ್ತದೆ. ಭಾರವಾದ ಕಲ್ಲು ಬಿಸಿಯಾಗಲು ಗಂಟೆಗಟ್ಟಲೆ ಬೇಕು, ಆದ್ದರಿಂದ ಮಧ್ಯಾಹ್ನದ ಬಿಸಿ ಒಳಬದಿಗೆ ತಡವಾಗಿ, ಮೆತ್ತಗಾಗಿ ತಲುಪುತ್ತದೆ. R ಈ ಗುಣವನ್ನು ಹೇಳುವುದೇ ಇಲ್ಲ. ಹಳೆಯ ಮಣ್ಣುಗೋಡೆಯ ಮನೆ ಮಧ್ಯಾಹ್ನ ತಂಪಾಗಿರುವುದಕ್ಕೆ ಹೆಚ್ಚಿನ ಕಾರಣವೂ ಇದೇ. ದಿನವಿಡೀ ಎಷ್ಟು ಶಾಖ ಬಂತೆಂದು ತಿಳಿಯಲು ಹೊರಗಿನ ದಿನದ ಸರಾಸರಿ ತಾಪಮಾನ ಹಾಕಿದರೆ ನಮ್ಮ ಸೂತ್ರ ಚೆನ್ನಾಗಿ ನಡೆಯುತ್ತದೆ. ಮಧ್ಯಾಹ್ನ ಮೂರು ಗಂಟೆಗೆ ಎಷ್ಟು ಬಂತೆಂದು ಅದನ್ನು ಕೇಳಬಾರದು. ಪಡುವಣ ಗೋಡೆಗೆ ನೇರ ಬಿಸಿಲು ಬೀಳುತ್ತಿದ್ದರೆ ಹೊರಮೈ ಗಾಳಿಗಿಂತ ಬಹಳ ಬಿಸಿಯಾಗಿರುತ್ತದೆ. ಆಗ 38 ಹಾಕಿದರೆ ಉತ್ತರ ಕಡಿಮೆ ಬರುತ್ತದೆ. ಆ ಗೋಡೆಗೆ ಸುಣ್ಣ ಬಳಿಯುವುದು, ನೆರಳು ಕೊಡುವುದು ಹೆಚ್ಚುವರಿ ಥರ್ಮೋಕೋಲಿಗಿಂತ ಅಗ್ಗ.

ಈಗ ಹೊಸ ಕೋಲ್ಡ್ ಸ್ಟೋರೇಜುಗಳಲ್ಲಿ ಕಲ್ಲೂ ಇಲ್ಲ, ಗಾರೆಯೂ ಇಲ್ಲ. ಎರಡು ತಗಡುಗಳ ನಡುವೆ ಪಫ್ ತುಂಬಿದ ಪ್ಯಾನಲ್ ನಿಲ್ಲಿಸುತ್ತಾರೆ. ಪಫ್‌ನ k 0.023. 60 ಮಿಮೀ ಪ್ಯಾನಲ್ಲಿಗೆ, ಎರಡೂ ಬದಿಯ ಗಾಳಿಪದರ ಸೇರಿಸಿ, ಇದೇ 38 ಮತ್ತು 5 ಡಿಗ್ರಿಗೆ ನೀವೇ ಲೆಕ್ಕ ಹಾಕಿ ನೋಡಿ. ತಗಡಿನ ನಿರೋಧ ಲೆಕ್ಕಕ್ಕೆ ಸಿಗದಷ್ಟು ಚಿಕ್ಕದು, ಬಿಟ್ಟುಬಿಡಿ. ಉತ್ತರ ಚದರ ಮೀಟರಿಗೆ 11.85 ವ್ಯಾಟ್ ಬರಬೇಕು. ನಾಲ್ಕುನೂರು ಮಿಲಿಮೀಟರಿಗೂ ದಪ್ಪವಿದ್ದ ನಮ್ಮ ಕಲ್ಲು, ಥರ್ಮೋಕೋಲಿನ ಗೋಡೆ ಕೊಟ್ಟದ್ದು 11.68.