ಮೂರು ಜ್ವರ, ಒಂದು ಕೋಷ್ಟಕ

ವೈದ್ಯಕೀಯ ವಿದ್ಯಾರ್ಥಿಗಳು ಪರೀಕ್ಷೆಗೆ ಓದುವಾಗ ಒಂದನ್ನೊಂದು ಹೋಲುವ ಕಾಯಿಲೆಗಳನ್ನು ಅಕ್ಕಪಕ್ಕ ಬರೆದು ಲಕ್ಷಣ, ಪರೀಕ್ಷೆ, ಚಿಕಿತ್ಸೆಗಳ ಕೋಷ್ಟಕ ಮಾಡಿಕೊಳ್ಳುತ್ತಾರೆ. ಮಳೆಗಾಲದ ಜ್ವರಗಳಾದ ಡೆಂಗಿ, ಇಲಿಜ್ವರ, ಸ್ಕ್ರಬ್ ಟೈಫಸ್‌ಗಳದ್ದೇ ತೆಗೆದುಕೊಳ್ಳಿ. ಮೂರರಲ್ಲೂ ಜ್ವರ, ತಲೆನೋವು, ಮೈಕೈ ನೋವು. ಪ್ಲೇಟ್‌ಲೆಟ್ ಇಳಿದರೆ ಡೆಂಗಿಯೇ ಎಂದು ನಾವು ನಂಬಿಬಿಟ್ಟಿದ್ದೇವೆ. ಆದರೆ ಅದು ಮೂರರಲ್ಲೂ ಇಳಿಯಬಹುದು.

ಪರೀಕ್ಷೆಯ ಪ್ರಶ್ನೆ ಹೀಗಿರುತ್ತದೆ: ಪೊದೆ ಸವರುವ ರೈತನಿಗೆ ಒಂಬತ್ತು ದಿನದಿಂದ ಜ್ವರ, ಪ್ಲೇಟ್‌ಲೆಟ್ 70 ಸಾವಿರ, ಡೆಂಗಿಯ ಎನ್‌ಎಸ್1 ನೆಗೆಟಿವ್. ಈ ನೆಗೆಟಿವ್‌ಗೆ ಹೆಚ್ಚು ಬೆಲೆಯಿಲ್ಲ, ಮೊದಲ ಐದು ದಿನ ದಾಟಿದ ಮೇಲೆ ಎನ್‌ಎಸ್1 ಸಿಗುವುದು ಕಡಿಮೆ. ಆದರೆ ಡೆಂಗಿ ಜ್ವರ ಸಾಮಾನ್ಯವಾಗಿ ವಾರದೊಳಗೆ ಬಿಡುತ್ತದೆ. ಕಣ್ಣು ಕೆಂಪಾಗಿ ಮೀನಖಂಡ ಮುಟ್ಟಿದರೆ ನೋಯುವಂತಿದ್ದರೆ ಇಲಿಜ್ವರ ನೆನಪಾಗಬೇಕು, ಇವನಿಗೆ ಅದಿಲ್ಲ. ಬಟ್ಟೆ ಸರಿಸಿ ನೋಡಿದರೆ ಕಂಕುಳಲ್ಲಿ ಬೀಡಿ ಸುಟ್ಟಂಥ ಕಪ್ಪು ಹಕ್ಕಳೆ! ಚಿಗ್ಗರ್ ಎಂಬ ಸಣ್ಣ ಹುಳು ಕಚ್ಚಿದ ಗುರುತು ಅದು. ನೋವಿರುವುದಿಲ್ಲ, ಹಾಗಾಗಿ ರೋಗಿಯೇ ಹೇಳುವುದಿಲ್ಲ. ಎಲ್ಲರಲ್ಲೂ ಕಾಣುವುದೂ ಇಲ್ಲ.

ಉತ್ತರ ಸ್ಕ್ರಬ್ ಟೈಫಸ್. ಐಜಿಎಂ ರಕ್ತಪರೀಕ್ಷೆಯ ವರದಿಗೆ ಕಾಯದೆ ಡಾಕ್ಸಿಸೈಕ್ಲಿನ್ ಶುರುಮಾಡಬೇಕು. ಹೆಚ್ಚಿನವರಿಗೆ ಎರಡು ದಿನದಲ್ಲಿ ಜ್ವರ ಇಳಿಯುತ್ತದೆ. ಇದೇ ಔಷಧ ಇಲಿಜ್ವರಕ್ಕೂ ನಡೆಯುತ್ತದೆ. ಡೆಂಗಿಗೆ ಆ್ಯಂಟಿಬಯಾಟಿಕ್ ಕೆಲಸ ಮಾಡುವುದಿಲ್ಲ, ಅಲ್ಲಿ ದ್ರವಾಂಶವೇ ಮುಖ್ಯ.