ಚಾರ್ಜರಿಗೆ ಸಿಕ್ಕಿಸಿದ ಫೋನ್ ನಿದ್ದೆ ಮಾಡುವುದಿಲ್ಲ

ರಾತ್ರಿ ಎಂಟಕ್ಕೆ ಬಿಪಿ ಮಾತ್ರೆ ನೆನಪಿಸುವ ಒಂದು ಆ್ಯಪ್ ಇದೆ ಎಂದಿಟ್ಟುಕೊಳ್ಳಿ. ಅದನ್ನು ಬರೆದವರ ಲ್ಯಾಪ್‌ಟಾಪಿನಲ್ಲಿ ಎಂಟಕ್ಕೆ ಸರಿಯಾಗಿ ಸದ್ದಾಗುತ್ತದೆ. ಅಜ್ಜನ ಫೋನಿನಲ್ಲಿ ಮಾತ್ರ ಒಮ್ಮೊಮ್ಮೆ ಒಂಬತ್ತಾದ ಮೇಲೆ, ಕೆಲವು ದಿನ ಬರುವುದೇ ಇಲ್ಲ.

ಲ್ಯಾಪ್‌ಟಾಪಿನಲ್ಲಿ ಕಾಣುವುದು ಎಮ್ಯುಲೇಟರ್, ಅಂದರೆ ಫೋನಿನಂತೆ ನಡೆದುಕೊಳ್ಳುವ ಸಾಫ್ಟ್‌ವೇರ್. ಆಂಡ್ರಾಯ್ಡ್ ಸ್ಟುಡಿಯೋ ಜೊತೆಗೆ ಬಿಟ್ಟಿಯಾಗಿ ಸಿಗುತ್ತದೆ. ಡಿವೈಸ್ ಕ್ಲೌಡ್ ಬೇರೆ: ಎಲ್ಲೋ ಒಂದು ಡೇಟಾ ಸೆಂಟರಿನಲ್ಲಿ ಸಾಲಾಗಿ ಜೋಡಿಸಿಟ್ಟ ನಿಜವಾದ ಫೋನುಗಳನ್ನು ಬ್ರೌಸರಿನ ಮೂಲಕ ಬಾಡಿಗೆಗೆ ಬಳಸುವುದು. ನಿಜವಾದ ಫೋನಿನಲ್ಲಿ ಪರೀಕ್ಷಿಸಿದರೆ ಎಲ್ಲ ತಪ್ಪೂ ಸಿಕ್ಕಿಬೀಳುತ್ತದೆ ಎಂದು ಬಹಳ ಜನ ನಂಬಿದ್ದಾರೆ. ಅಜ್ಜನ ಮಾತ್ರೆಯ ವಿಷಯದಲ್ಲಿ ಆ ನಂಬಿಕೆ ಕೈಕೊಡುತ್ತದೆ.

2015ರಲ್ಲಿ ಬಂದ ಆಂಡ್ರಾಯ್ಡ್ 6ರಿಂದ ಫೋನಿಗೆ 'ಡೋಜ್' ಎಂಬ ನಿದ್ದೆಯ ಸ್ಥಿತಿ ಇದೆ. ಪರದೆ ಆರಿಸಿ, ಚಾರ್ಜರ್ ತೆಗೆದು, ಫೋನನ್ನು ಅಲುಗಾಡದಂತೆ ಒಂದಷ್ಟು ಹೊತ್ತು ಬಿಟ್ಟರೆ ಹಿನ್ನೆಲೆಯಲ್ಲಿ ನಡೆಯಬೇಕಾದ ಕೆಲಸಗಳೆಲ್ಲ ಮುಂದಕ್ಕೆ ಹೋಗುತ್ತವೆ. ಬ್ಯಾಟರಿ ಉಳಿಸುವ ಉಪಾಯವಿದು. ಆದರೆ ಕ್ಲೌಡಿನ ಫೋನುಗಳು ದಿನವಿಡೀ ಕೇಬಲ್ಲಿಗೆ ಅಂಟಿಕೊಂಡಿರುತ್ತವೆ. ಎಮ್ಯುಲೇಟರ್ ಕೂಡ ತಾನು ಚಾರ್ಜ್ ಆಗುತ್ತಿದ್ದೇನೆ ಎಂದೇ ಭಾವಿಸಿರುತ್ತದೆ. ಹಾಗಾಗಿ ಎರಡೂ ನಿದ್ದೆ ಹೋಗುವುದಿಲ್ಲ, ಎರಡರಲ್ಲೂ ಸದ್ದು ಹೊತ್ತಿಗೆ ಸರಿಯಾಗಿ ಬರುತ್ತದೆ.

ಬಲವಂತವಾಗಿ ಮಲಗಿಸಲು ದಾರಿಯುಂಟು. ಪರದೆ ಆರಿಸಿ, ಹೀಗೆ ಬರೆಯಬೇಕು:

```
adb shell dumpsys battery unplug
adb shell dumpsys deviceidle force-idle
```

ಮೊದಲ ಸಾಲು ಚಾರ್ಜರ್ ಕಿತ್ತಂತೆ ನಟಿಸುತ್ತದೆ, ಎರಡನೆಯದು ಫೋನನ್ನು ನಿದ್ದೆಗೆ ದೂಡುತ್ತದೆ. ಈಗ ಎಂಟು ಹೊಡೆದರೂ ಸದ್ದಿಲ್ಲದಿದ್ದರೆ ತಪ್ಪು ಸಿಕ್ಕಿತು: ಆ್ಯಪ್ ತನ್ನ ಕೆಲಸವನ್ನು ಸಾಮಾನ್ಯ ಹಿನ್ನೆಲೆ ಕೆಲಸವೆಂದು ಒಪ್ಪಿಸಿದೆ, ನಿದ್ದೆಯಲ್ಲೂ ಸದ್ದು ಮಾಡಬಲ್ಲ ಕರಾರುವಾಕ್ಕಾದ ಅಲಾರಂ ಎಂದು ಕೇಳಿಕೊಂಡಿಲ್ಲ. ಇದಕ್ಕೆ ಬಾಡಿಗೆಯ ಫೋನು ಬೇಕಾಗಲಿಲ್ಲ, ಎಮ್ಯುಲೇಟರೇ ಸಾಕಾಯಿತು. ಅಕ್ಷರದ ಗಾತ್ರ ಹಿಗ್ಗಿಸಿದಾಗ ಕನ್ನಡದ ಒತ್ತಕ್ಷರಗಳ ಬುಡ ಕತ್ತರಿಸಿಹೋಗುವುದನ್ನೂ ಎಮ್ಯುಲೇಟರಿನಲ್ಲೇ ಹಿಡಿಯಬಹುದು. ಅಜ್ಜಂದಿರು ಅಕ್ಷರ ದೊಡ್ಡದು ಮಾಡಿಯೇ ಓದುವುದು, ಅದನ್ನು ಮರೆಯಬಾರದು.

ಇದನ್ನು ಸರಿಪಡಿಸಿದ ಮೇಲೂ ಕೆಲವರ ದೂರು ನಿಲ್ಲುವುದಿಲ್ಲ. ಫೋನ್ ಆರಿಸಿ ಹಚ್ಚಿದರೆ ಆಂಡ್ರಾಯ್ಡ್‌ನಲ್ಲಿ ಹಳೆಯ ಅಲಾರಂಗಳು ಅಳಿಸಿಹೋಗುತ್ತವೆ. ಆ್ಯಪ್ ಎದ್ದು ಮತ್ತೆ ಹೂಡಬೇಕು. ಶಿಯೋಮಿಯ ಫೋನಿನಲ್ಲಿ 'ಆಟೋಸ್ಟಾರ್ಟ್' ಅನುಮತಿ ಇಲ್ಲದಿದ್ದರೆ ಆ್ಯಪ್ ಏಳುವುದೇ ಇಲ್ಲ. ಇದು ತಯಾರಕರು ಸೇರಿಸಿದ ಕಟ್ಟಳೆ, ಗೂಗಲ್‌ನ ಮೂಲ ಆಂಡ್ರಾಯ್ಡ್ ಓಡಿಸುವ ಎಮ್ಯುಲೇಟರಿನಲ್ಲಿ ಇದರ ಸುಳಿವೂ ಇರದು. ಕ್ಲೌಡಿನ ರೆಡ್ಮಿಯಲ್ಲಿ ಆ ಸೆಟ್ಟಿಂಗ್ ಕಣ್ಣಿಗೆ ಬೀಳುತ್ತದೆ, ಆದರೆ ನಮ್ಮ ಸರದಿ ಮುಗಿದೊಡನೆ ಸಾಮಾನ್ಯವಾಗಿ ಫೋನನ್ನು ಒರೆಸಿ ಮುಂದಿನವರಿಗೆ ಕೊಡುತ್ತಾರೆ. ರಾತ್ರಿಯಿಡೀ ಚಾರ್ಜರ್ ಇಲ್ಲದೆ ಬಿಟ್ಟು ಬೆಳಿಗ್ಗೆ ನೋಡುವ ಪರೀಕ್ಷೆಗೆ ಮೇಜಿನ ಮೇಲೊಂದು ಸ್ವಂತ ರೆಡ್ಮಿ ಬೇಕೇ ಬೇಕು.

ಹಾಗಾದರೆ ಕ್ಲೌಡ್ ಯಾತಕ್ಕೆ? ಹರವಿಗೆ. ನಾವು ಕೊಳ್ಳಲಾಗದಷ್ಟು ಬಗೆಯ ಫೋನುಗಳಲ್ಲಿ ಆ್ಯಪ್ ತೆರೆಯುತ್ತದೆಯೇ, ಪರದೆ ಒಡೆದು ಕಾಣುತ್ತದೆಯೇ, ಕಡಿಮೆ ಮೆಮೊರಿಯಲ್ಲಿ ಕುಸಿಯುತ್ತದೆಯೇ ಎಂದು ಒಂದೇ ಮಧ್ಯಾಹ್ನದಲ್ಲಿ ನೋಡಿ ಮುಗಿಸಬಹುದು.

ಯಾವ ಫೋನುಗಳು ಎಂಬಲ್ಲೇ ಹೆಚ್ಚು ದುಡ್ಡು ಪೋಲಾಗುವುದು. ಪ್ಲೇ ಕನ್ಸೋಲಿನಲ್ಲಿ ನಮ್ಮ ಬಳಕೆದಾರರ ಮಾಡೆಲ್‌ಗಳ ಲೆಕ್ಕ ಸಿಗುತ್ತದೆ. ಮೇಲಿನ ಹತ್ತನ್ನು ಹಾಗೇ ಎತ್ತಿಕೊಳ್ಳುವುದು ಸೋಮಾರಿತನ. ಮಾತ್ರೆಯ ಆ್ಯಪಿನ ಮೊದಲ ಐದು ಮಾಡೆಲ್‌ಗಳಲ್ಲಿ ಮೂರು ರೆಡ್ಮಿ, ಮೂರರಲ್ಲೂ ಒಂದೇ ಆಂಡ್ರಾಯ್ಡ್, ಅಷ್ಟೇ ಮೆಮೊರಿ ಎಂದುಕೊಳ್ಳಿ. ಅವು ಹೇಳುವುದು ಒಂದೇ ಉತ್ತರ, ಒಂದನ್ನು ಇಟ್ಟುಕೊಂಡರೆ ಸಾಕು. ಉಳಿದ ಜಾಗಕ್ಕೆ ಒಂದು ಸ್ಯಾಮ್‌ಸಂಗ್, ಒಂದು ವಿವೋ, ಏಕೆಂದರೆ ಬ್ಯಾಟರಿ ಉಳಿಸುವ ಪದ್ಧತಿ ಇವೆರಡರಲ್ಲೂ ಬೇರೆ ಬೇರೆ. ಪಿಕ್ಸೆಲ್ ಬೇಡ, ಅದಕ್ಕೆ ತೀರ ಹತ್ತಿರದ್ದು ಎಮ್ಯುಲೇಟರಿನಲ್ಲೇ ಇದೆ.

ಇನ್ನೊಂದು, ಎರಡು ಜಿಬಿ ಮೆಮೊರಿಯ, ಆಂಡ್ರಾಯ್ಡ್ 9ರ ಹಳೆಯ ಫೋನ್. ಲೆಕ್ಕದಲ್ಲಿ ಅದು ತೀರ ಕೆಳಗಿರುತ್ತದೆ, ಆದರೂ ಬೇಕು. ಮಕ್ಕಳು ಬಳಸಿ ಬಿಟ್ಟ ಫೋನೇ ಅಜ್ಜನ ಕೈಗೆ ಬರುವುದು. ಮೇಲಾಗಿ ಆ್ಯಪ್ ಅಂಥ ಫೋನಿನಲ್ಲಿ ಕುಸಿಯುತ್ತಿದ್ದರೆ ಜನ ಎರಡು ದಿನ ನೋಡಿ ಕಿತ್ತುಹಾಕಿರುತ್ತಾರೆ, ಈಗಿನ ಬಳಕೆದಾರರ ಲೆಕ್ಕದಲ್ಲಿ ಅವರು ಇರುವುದೇ ಇಲ್ಲ. ಅವರನ್ನು ಹುಡುಕಬೇಕಾದದ್ದು ಕುಸಿತದ ವರದಿಗಳಲ್ಲಿ ಮತ್ತು ಒಂದು ನಕ್ಷತ್ರದ ವಿಮರ್ಶೆಗಳಲ್ಲಿ. ಅಲ್ಲಿ ಮೇಲಿಂದ ಮೇಲೆ ಬರುವ ಮಾಡೆಲ್ ಯಾವುದೋ ಅದಕ್ಕೆ ಪಟ್ಟಿಯ ಮುಂದಿನ ಜಾಗ.